ಕ್ಯಾಶ್‌ಲೆಸ್ ಕಾರ್ಡ್ ಇತ್ತು, ಕೌಂಟರಿನಲ್ಲಿ ಕೇಳಿದ್ದು 1,25,360 ರೂಪಾಯಿ

ನಮ್ಮ ಪರಿಚಯದ ಮನೆಯೊಂದರ ಉಮ್ಮ, ವಯಸ್ಸು 66, ಸುಬಹಿಗೆ ವುಝೂ ಮಾಡಲು ಹೋದವರು ಬಚ್ಚಲಿನಲ್ಲಿ ಜಾರಿ ಬಿದ್ದರು. ಸೊಂಟದ ಎಲುಬು ಮುರಿದಿತ್ತು. ಮಂಗಳೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದರು, ಆಪರೇಶನ್ ಮಾಡಿ ಕೃತಕ ಗುಂಡು ಕೂರಿಸಿದರು. ಉಮ್ಮ ಮೂರನೇ ದಿನ ಕಾಲೂರಿ ನಿಂತರು. ಅಲ್ಲಿಯವರೆಗೆ ಎಲ್ಲ ಸಮಾಧಾನವೇ. ದಮ್ಮಾಮಿನಲ್ಲಿ ಕೆಲಸಕ್ಕಿರುವ ಮಗ ನಾಲ್ಕು ವರ್ಷದ ಹಿಂದೆಯೇ ಉಮ್ಮನ ಹೆಸರಿನಲ್ಲಿ ಹೆಲ್ತ್ ಇನ್ಶೂರೆನ್ಸ್ ಮಾಡಿಸಿದ್ದ. ಮೂರು ಲಕ್ಷದ ಪಾಲಿಸಿ, ಕ್ಯಾಶ್‌ಲೆಸ್. ಬಿಲ್ ಎರಡೂಕಾಲು ಲಕ್ಷದ ಆಸುಪಾಸು ಆಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮೂರು ಲಕ್ಷದ ಒಳಗೆಯೇ ಉಂಟಲ್ಲ, ಹಾಗಾದರೆ ಕೈಯಿಂದ ಏನೂ ಹೋಗುವುದಿಲ್ಲ ಎಂಬುದು ಮನೆಯವರ ಲೆಕ್ಕ.

ಆರನೇ ದಿನ ಬೆಳಗ್ಗೆ ಹತ್ತಕ್ಕೆ ಡಿಸ್ಚಾರ್ಜ್ ಎಂದರು. ಸಂಜೆಯ ಹೊತ್ತಿಗೆ ಕಂಪೆನಿಯ ಉತ್ತರ ಬಂತು. ಒಟ್ಟು ಬಿಲ್ 2,30,000 ರೂಪಾಯಿ. ಕಂಪೆನಿ ಕೊಡುವುದು 1,04,640. ಉಳಿದ 1,25,360 ನೀವು ಕಟ್ಟಬೇಕು ಎಂದರು ಕೌಂಟರಿನವರು. ಸೇರಿಸುವಾಗ ಕಟ್ಟಿದ್ದ ಅಡ್ವಾನ್ಸ್ 20,000 ಕಳೆದರೂ ಒಂದು ಲಕ್ಷದ ಮೇಲೆ ಬೇಕಿತ್ತು. ಉಮ್ಮ ಮೇಲೆ ರೂಮಿನಲ್ಲಿ ಬಟ್ಟೆ ಬದಲಾಯಿಸಿ ಕೂತಿದ್ದಾರೆ, ಕೆಳಗೆ ಮಗಳು ಕೈಯ ಬಳೆ ಕಳಚಿ ಗಂಡನ ಕೈಗೆ ಕೊಟ್ಟಿದ್ದಾಳೆ. ಸೊಸೈಟಿ ಬಾಗಿಲು ಹಾಕುವ ಮೊದಲು ಅಡವಿಟ್ಟು ಬಂದರು. ಅಳಿಯ ನಮಗೆ ಫೋನ್ ಮಾಡಿದ್ದು ಅಂದು ರಾತ್ರಿ. "ಇದು ಎಂಥ ಕ್ಯಾಶ್‌ಲೆಸ್ ಮಾರಾಯ್ರೆ? ಅರ್ಧಕ್ಕಿಂತ ಹೆಚ್ಚು ನಾವೇ ಕಟ್ಟಿದ್ದು. ಯಾಕೆ ಅಂತ ಕೇಳಿದ್ರೆ ಪಾಲಿಸಿ ರೂಲ್ಸ್ ಅಂತಾರೆ."

ಮರುದಿನ ಅವರ ಮನೆಯಲ್ಲಿ ಕೂತು ಎಲ್ಲ ಕಾಗದ ಹರಡಿ ನೋಡಿದೆವು. ಹೆಸರು, ಊರು ಬೇಡ ಎಂದು ಮನೆಯವರು ಕೇಳಿಕೊಂಡಿದ್ದಾರೆ. ಆದರೆ ಲೆಕ್ಕ ಬರೆಯಬಹುದು ಎಂದರು, ಬೇರೆಯವರಿಗೆ ಗೊತ್ತಾಗಲಿ ಎಂದು. ಆ ಲೆಕ್ಕವನ್ನೇ ಇಲ್ಲಿ ಕೊಡುತ್ತೇವೆ. ಯಾಕೆಂದರೆ ಕಡಿತವಾದದ್ದರಲ್ಲಿ ಒಂದು ಭಾಗ ಪಾಲಿಸಿಯ ಪ್ರಕಾರ ಸರಿಯೇ ಇತ್ತು. ಇನ್ನೊಂದು ಭಾಗ ತಪ್ಪಿತ್ತು. ಎರಡನ್ನೂ ಬೇರೆ ಬೇರೆ ಮಾಡದೆ ಜಗಳಕ್ಕೆ ಹೋದರೆ ಏನೂ ಸಿಗುವುದಿಲ್ಲ.

ಮೊದಲು ಬಿಲ್ ನೋಡಿ. ರೂಮು ಬಾಡಿಗೆ ದಿನಕ್ಕೆ 5,000, ಆರು ದಿನಕ್ಕೆ 30,000. ಸರ್ಜನ್, ಅರಿವಳಿಕೆ ಡಾಕ್ಟರ್, ಆಪರೇಶನ್ ಥಿಯೇಟರ್, ನರ್ಸಿಂಗ್, ಡಾಕ್ಟರ ಭೇಟಿ ಎಲ್ಲ ಸೇರಿ 1,00,000. ಸೊಂಟಕ್ಕೆ ಹಾಕಿದ ಇಂಪ್ಲಾಂಟ್ 45,000. ಮದ್ದು 28,000. ಎಕ್ಸ್‌ರೇ, ರಕ್ತ ಪರೀಕ್ಷೆ 15,000. ಕೊನೆಗೆ ಗ್ಲೌಸ್, ಡೈಪರ್, ವಾಕರ್, ಫೈಲ್ ಚಾರ್ಜು ಎಂದು ಸಣ್ಣಪುಟ್ಟ ಸಾಲುಗಳು 12,000.

ಈಗ ಪಾಲಿಸಿ. ಇದರ ಪುಸ್ತಕವನ್ನು ಮನೆಯಲ್ಲಿ ಯಾರೂ ಬಿಡಿಸಿಯೇ ಇರಲಿಲ್ಲ. ಮಗನ ಇಮೈಲಿನಲ್ಲಿ ಪಿಡಿಎಫ್ ಆಗಿ ಬಿದ್ದಿತ್ತು. ಎಲ್ಲ ಮನೆಯ ಕಥೆಯೂ ಇದೇ ಬಿಡಿ. ಅದರಲ್ಲಿ ಮೂರು ವಿಷಯ ಇತ್ತು. ರೂಮು ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇ. 1 ಮಾತ್ರ, ಅಂದರೆ ಮೂರು ಲಕ್ಷಕ್ಕೆ 3,000 ರೂಪಾಯಿ. ಅರವತ್ತು ದಾಟಿದ ಮೇಲೆ ಸೇರಿದವರಿಗೆ ಪ್ರತಿ ಕ್ಲೇಮಿನಲ್ಲೂ ಶೇ. 20 ಕೋ-ಪೇಮೆಂಟ್. ಕೊನೆಯ ಪುಟಗಳಲ್ಲಿ, ಕಂಪೆನಿ ಹಣ ಕೊಡದ ಸಾಮಾನುಗಳ ಪಟ್ಟಿ.

ಕೋ-ಪೇಮೆಂಟ್ ಎಂದರೆ ಪಾಲುಗಾರಿಕೆ. ಕಂಪೆನಿ ಒಪ್ಪಿದ ಮೊತ್ತದಲ್ಲಿ ನೂರಕ್ಕೆ ಎಂಬತ್ತು ಅವರದ್ದು, ಇಪ್ಪತ್ತು ನಮ್ಮದು. ಇದನ್ನು ಯಾವ ಆಸ್ಪತ್ರೆಗೆ ಹೋದರೂ ತಪ್ಪಿಸಲು ಆಗುವುದಿಲ್ಲ, ಪಾಲಿಸಿ ಮಾಡುವಾಗ ಒಪ್ಪಿದ್ದು. ಪ್ರೀಮಿಯಂ ಸ್ವಲ್ಪ ಕಡಿಮೆ ಇದ್ದದ್ದಕ್ಕೆ ಅದೂ ಒಂದು ಕಾರಣ. ಮಗನಿಗೆ ಏಜೆಂಟ್ ಇದನ್ನು ಹೇಳಿದ್ದರೋ ಇಲ್ಲವೋ, ಮಗನಿಗೆ ನೆನಪಿಲ್ಲ. ಒಂದು ಮಾತ್ರ ನೋಡಿಕೊಳ್ಳಬೇಕು: ಈ ಇಪ್ಪತ್ತನ್ನು ಒಪ್ಪಿದ ಮೊತ್ತದ ಮೇಲೆ ಹಾಕಬೇಕು, ಒಟ್ಟು ಬಿಲ್ಲಿನ ಮೇಲೆ ಅಲ್ಲ. ಉಮ್ಮನ ಕಾಗದದಲ್ಲಿ ಅದು ಸರಿಯಾಗಿಯೇ ಇತ್ತು.

ದೊಡ್ಡ ಪೆಟ್ಟು ಬಿದ್ದದ್ದು ರೂಮಿನಿಂದ. ಸೇರಿಸಿದ ದಿನ ಡೆಸ್ಕಿನಲ್ಲಿ "ಯಾವ ರೂಮು ಬೇಕು?" ಎಂದು ಕೇಳಿದ್ದಾರೆ. ನಮ್ಮಲ್ಲಿ ಒಬ್ಬರು ಆಸ್ಪತ್ರೆಗೆ ಸೇರಿದರೆ ನೋಡಲು ಬರುವವರು ಎಷ್ಟು ಮಂದಿ ಎಂದು ಗೊತ್ತುಂಟಲ್ಲ. ಉಮ್ಮನಿಗೆ ನಮಾಝ್ ಮಾಡಲೂ ಸ್ಥಳ ಬೇಕು, ಮರೆ ಬೇಕು. ಅಳಿಯ 5,000ದ ಸಿಂಗಲ್ ರೂಮು ತೆಗೆದುಕೊಂಡರು. ಪಾಲಿಸಿಯಲ್ಲಿ 3,000 ಎಂದು ಅಲ್ಲಿನ ಹುಡುಗಿ ಹೇಳಿದ್ದೂ ಹೌದಂತೆ. "ದಿನಕ್ಕೆ ಎರಡು ಸಾವಿರ ನಾವು ಹಾಕಿದ್ರಾಯ್ತು, ಆರು ದಿನಕ್ಕೆ ಹನ್ನೆರಡು ಸಾವಿರ ಅಲ್ವಾ ಅಂತ ಎಣಿಸಿದ್ದು" ಎಂದರು ಅಳಿಯ.

ಲೆಕ್ಕ ಹಾಗೆ ನಡೆಯುವುದಿಲ್ಲ. ಬಹಳಷ್ಟು ಆಸ್ಪತ್ರೆಗಳಲ್ಲಿ ರೂಮು ದೊಡ್ಡದಾದ ಹಾಗೆ ಸರ್ಜನ್ ಫೀಸು, ಥಿಯೇಟರ್ ಚಾರ್ಜು, ಡಾಕ್ಟರ ಭೇಟಿಯ ದರ ಎಲ್ಲ ಏರುತ್ತದೆ. ಅದೇ ಡಾಕ್ಟರು, ಅದೇ ಥಿಯೇಟರು, ಆದರೆ ಜನರಲ್ ವಾರ್ಡಿನವರಿಗೆ ಒಂದು ದರ, ಸಿಂಗಲ್ ರೂಮಿನವರಿಗೆ ಇನ್ನೊಂದು. ಅದಕ್ಕೆ ಕಂಪೆನಿ ಹೇಳುವುದೇನೆಂದರೆ, ನೀವು 3,000ದ ರೂಮಿಗೆ ಅರ್ಹರು, 5,000ದ ರೂಮಿನಲ್ಲಿ ಇದ್ದಿರಿ, ಆದ್ದರಿಂದ ರೂಮಿನ ದರ್ಜೆಯ ಮೇಲೆ ಏರಿದ ಖರ್ಚಿನಲ್ಲೂ ಐದರಲ್ಲಿ ಮೂರು ಪಾಲು ಅಂದರೆ ಶೇ. 60 ಮಾತ್ರ ಕೊಡುತ್ತೇವೆ. ಇದಕ್ಕೆ ಅನುಪಾತ ಕಡಿತ ಎನ್ನುತ್ತಾರೆ, ಕೌಂಟರಿನ ಭಾಷೆಯಲ್ಲಿ ಪ್ರಪೋರ್ಷನೇಟ್ ಡಿಡಕ್ಷನ್. ಹಾಗೆ ರೂಮಿನಲ್ಲಿ 12,000 ಹೋಯಿತು, ಸರ್ಜನ್ ಥಿಯೇಟರ್ ಒಂದು ಲಕ್ಷದಲ್ಲಿ 40,000 ಹೋಯಿತು. ಹನ್ನೆರಡು ಸಾವಿರ ಎಂದುಕೊಂಡ ರೂಮು ಅಲ್ಲಿಗೇ 52,000 ತಿಂದಿತ್ತು.

ಇಷ್ಟು ಪಾಲಿಸಿಯಲ್ಲಿ ಬರೆದದ್ದೇ. ಆದರೆ ಕಂಪೆನಿಯವರು ಅಲ್ಲಿಗೆ ನಿಲ್ಲಿಸಿರಲಿಲ್ಲ.

ಆಸ್ಪತ್ರೆಗೆ ಕಂಪೆನಿ ಕಳಿಸುವ ಕೊನೆಯ ಮಂಜೂರಾತಿ ಪತ್ರದಲ್ಲಿ ಯಾವುದಕ್ಕೆ ಎಷ್ಟು ಕಡಿತ ಎಂಬ ಕೋಷ್ಟಕ ಇರುತ್ತದೆ. ಮನೆಯವರ ಹತ್ತಿರ ಅದು ಇರಲಿಲ್ಲ, ಕೌಂಟರಿನಲ್ಲಿ ಸಹಿ ಹಾಕಿಸಿ ಫೈಲಿಗೆ ಹಾಕಿದ್ದರು. ಅಳಿಯ ಮತ್ತೆ ಹೋಗಿ ಇನ್ಶೂರೆನ್ಸ್ ಡೆಸ್ಕಿನಿಂದ ಪ್ರತಿ ತಂದರು. ಅದನ್ನು ನೋಡಿದಾಗ ತಪ್ಪು ಕಂಡಿತು. 12,000ದ ಸಣ್ಣ ಸಾಮಾನು ಬದಿಗಿಟ್ಟು ಉಳಿದ 2,18,000 ಇಡೀ ಮೊತ್ತಕ್ಕೆ ಶೇ. 60 ಹಾಕಿದ್ದರು: 1,30,800. ಅದರಲ್ಲಿ ಕೋ-ಪೇಮೆಂಟ್ 26,160 ಕಳೆದು 1,04,640. ಅಂದರೆ ಇಂಪ್ಲಾಂಟಿಗೂ ಕಡಿತ, ಮದ್ದಿಗೂ ಕಡಿತ, ಎಕ್ಸ್‌ರೇಗೂ ಕಡಿತ.

ಸಿಂಗಲ್ ರೂಮಿನಲ್ಲಿ ಮಲಗಿದರೆ ಇಂಪ್ಲಾಂಟಿನ ಬೆಲೆ ಏರುತ್ತದಾ? ಪ್ಯಾಕೆಟಿನ ಮೇಲೆ ಎಂಆರ್‌ಪಿ ಹಾಕಿದ ಮಾತ್ರೆಗೆ ರೂಮು ನೋಡಿ ರೇಟು ಉಂಟಾ? ಇದೇ ಕಾರಣಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2020ರಲ್ಲಿ ಮಾಡಿದ ನಿಯಮದಲ್ಲಿ ಮದ್ದು, ಬಳಸಿ ಎಸೆಯುವ ವೈದ್ಯಕೀಯ ಸಾಮಾನು, ಇಂಪ್ಲಾಂಟ್, ವೈದ್ಯಕೀಯ ಸಾಧನ, ರೋಗಪತ್ತೆ ಪರೀಕ್ಷೆ ಇವನ್ನು ಅನುಪಾತ ಕಡಿತದಿಂದ ಹೊರಗೆ ಇಟ್ಟಿತು. ಐಸಿಯು ಚಾರ್ಜಿಗೂ ಇದನ್ನು ಹಾಕುವ ಹಾಗಿಲ್ಲ ಎಂದಿತು. ರೂಮಿನ ದರ್ಜೆ ನೋಡಿ ದರ ಬದಲಿಸದ ಆಸ್ಪತ್ರೆಯಾದರೆ ಈ ಕಡಿತವನ್ನೇ ಮಾಡುವಂತಿಲ್ಲ. ಉಮ್ಮನ ಪಾಲಿಸಿ ಪುಸ್ತಕದ ವ್ಯಾಖ್ಯೆಗಳ ಪುಟದಲ್ಲೂ 'ಅಸೋಸಿಯೇಟೆಡ್ ಮೆಡಿಕಲ್ ಎಕ್ಸ್‌ಪೆನ್ಸಸ್' ಎಂಬ ಹೆಸರಿನಡಿ ಇದೇ ಮಾತು ಇತ್ತು. ಕಂಪೆನಿ ತನ್ನದೇ ಪುಸ್ತಕ ಓದಿರಲಿಲ್ಲ ಎನ್ನಬೇಕು, ಅಥವಾ ನಾವು ಓದುವುದಿಲ್ಲ ಎಂಬ ಧೈರ್ಯ ಇತ್ತೇನೋ.

ಸರಿಯಾದ ಲೆಕ್ಕ ಹೀಗಾಗುತ್ತದೆ. ರೂಮಿಗೆ 18,000. ಸರ್ಜನ್, ಥಿಯೇಟರ್ ಇತ್ಯಾದಿಗೆ 60,000. ಇಂಪ್ಲಾಂಟ್ 45,000, ಮದ್ದು 28,000, ಪರೀಕ್ಷೆ 15,000 ಪೂರ್ತಿ. ಒಟ್ಟು 1,66,000. ಅದರಲ್ಲಿ ಶೇ. 20 ಅಂದರೆ 33,200 ನಮ್ಮ ಪಾಲು. ಕಂಪೆನಿ ಕೊಡಬೇಕಾದದ್ದು 1,32,800. ಕೊಟ್ಟದ್ದು 1,04,640. ವ್ಯತ್ಯಾಸ 28,160 ರೂಪಾಯಿ.

ಅಡವಿಟ್ಟ ಬಳೆಯಲ್ಲಿ ಒಂದಾದರೂ ಬಿಡಿಸಲು ಅಷ್ಟು ಸಾಕು.

ಇನ್ನು ಆ 12,000ದ ಸಾಲುಗಳು. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಹೆಚ್ಚಿನವರು 'ನಾನ್-ಪೇಯೆಬಲ್' ಎಂಬ ಶಬ್ದ ಕೇಳಿದ ಕೂಡಲೇ ಪರ್ಸ್ ತೆಗೆಯುತ್ತಾರೆ. ಪಾಲಿಸಿ ಪುಸ್ತಕದ ಕೊನೆಯಲ್ಲಿ ಇಂತಹ ಸಾಮಾನುಗಳ ನಾಲ್ಕು ಪಟ್ಟಿ ಇರುತ್ತದೆ. ಒಂದನೇ ಪಟ್ಟಿಯಲ್ಲಿ 68 ಹೆಸರುಗಳು. ಡೈಪರ್, ಗ್ಲೌಸ್, ಮಾಸ್ಕ್, ಕ್ರೇಪ್ ಬ್ಯಾಂಡೇಜ್, ಇಸಿಜಿ ಎಲೆಕ್ಟ್ರೋಡ್, ನೆಬ್ಯುಲೈಸರ್ ಕಿಟ್, ಥರ್ಮಾಮೀಟರ್, ಜೊತೆಗಿರುವವರ ಊಟ, ಊರುಗೋಲು ವಾಕರ್ ಇವೆಲ್ಲ ಅದರಲ್ಲಿ ಬರುತ್ತವೆ. ಇವಕ್ಕೆ ಕಂಪೆನಿ ಕೊಡುವುದಿಲ್ಲ, ನಾವೇ ಕಟ್ಟಬೇಕು. ಉಮ್ಮನ ಬಿಲ್ಲಿನಲ್ಲಿ ಇಂತಹದ್ದು 8,000 ಇತ್ತು. ಅದರಲ್ಲಿ ವಾಕರಿಗೇ 1,800.

ಉಳಿದ ಮೂರು ಪಟ್ಟಿಗಳ ಕಥೆ ಬೇರೆ. ಎರಡನೇ ಪಟ್ಟಿಯ ಸಾಮಾನುಗಳು ರೂಮು ಬಾಡಿಗೆಯ ಒಳಗೇ ಸೇರಿದವು ಎಂದು ತಲೆಬರಹದಲ್ಲೇ ಬರೆದಿದೆ. ಅಡ್ಮಿಶನ್ ಕಿಟ್, ಫೈಲ್ ತೆರೆಯುವ ಚಾರ್ಜು, ಕೈಗೆ ಕಟ್ಟುವ ಹೆಸರಿನ ಪಟ್ಟಿ, ಡಿಸ್ಚಾರ್ಜ್ ಚಾರ್ಜು, ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರಿನ ಚಾರ್ಜು ಇಲ್ಲಿ ಬರುತ್ತವೆ. ಮೂರನೆಯದರಲ್ಲಿ ಆಪರೇಶನ್ ಚಾರ್ಜಿನ ಒಳಗೆ ಸೇರಿದವು: ಬ್ಲೇಡು, ಹತ್ತಿ, ಗಾಜ್ ಬಟ್ಟೆ. ನಾಲ್ಕನೆಯದು ಚಿಕಿತ್ಸೆಯ ಖರ್ಚಿನ ಒಳಗೆ ಸೇರಿದವು: ನೋಂದಣಿ ಚಾರ್ಜು, ಮೂತ್ರದ ಚೀಲ, ಗ್ಲುಕೋಮೀಟರ್ ಪಟ್ಟಿ. ಒಳಗೆ ಸೇರಿದವು ಎಂದ ಮೇಲೆ ಮತ್ತೆ ಬೇರೆ ಸಾಲು ಹಾಕಿ ರೋಗಿಯಿಂದ ವಸೂಲಿ ಮಾಡುವುದು ಹೇಗೆ? ರೂಮಿಗೆ ಒಮ್ಮೆ, ರೂಮಿನ ಒಳಗಿನ ಸಾಮಾನಿಗೆ ಇನ್ನೊಮ್ಮೆ. ಉಮ್ಮನ ಬಿಲ್ಲಿನಲ್ಲಿ ಹೀಗೆ 4,000 ಇತ್ತು.

ಆದರೆ ಒಂದು ಮಿತಿ ಹೇಳಿಬಿಡಬೇಕು. ಐಆರ್‌ಡಿಎಐ ನಿಯಮ ಕಟ್ಟಿಹಾಕುವುದು ವಿಮಾ ಕಂಪೆನಿಯನ್ನು, ಆಸ್ಪತ್ರೆಯನ್ನು ಅಲ್ಲ. ಆಸ್ಪತ್ರೆ ಬದ್ಧವಾಗಿರುವುದು ಕಂಪೆನಿಯ ಜೊತೆ ಮಾಡಿಕೊಂಡ ಒಪ್ಪಂದಕ್ಕೆ. ಹಾಗಾಗಿ ಈ 4,000ಕ್ಕೆ ನಾವು ಹೋದದ್ದು ಬಿಲ್ಲಿಂಗ್ ವಿಭಾಗಕ್ಕೆ, ಕೂಗಾಡಲು ಅಲ್ಲ, ಪಟ್ಟಿ ತೋರಿಸಿ ಕೇಳಲು. ಅಲ್ಲಿನ ಮುಖ್ಯಸ್ಥರು ಸಾಲು ಸಾಲು ನೋಡಿ, ಫೈಲ್, ಕಿಟ್, ಡಿಸ್ಚಾರ್ಜ್, ಆಕ್ಸಿಮೀಟರ್ ಸೇರಿ 2,600 ಬಿಟ್ಟರು. "ಆಪರೇಶನ್ ಸಾಮಾನು ಬಿಡಲಿಕ್ಕೆ ಆಗೂದಿಲ್ಲ" ಎಂದರು. ಬಿಟ್ಟದ್ದನ್ನೂ ನಗದಾಗಿ ಕೊಡಲಿಲ್ಲ, ಉಮ್ಮನ ಫಿಸಿಯೋಥೆರಪಿ ಬಿಲ್ಲಿನಲ್ಲಿ ಕಳೆದುಕೊಟ್ಟರು. ಹಣ ಕಟ್ಟುವ ಮೊದಲು ಕೇಳಿದ್ದರೆ ಇನ್ನಷ್ಟು ಸುಲಭ ಇತ್ತು ಎಂದು ನಮಗೆ ಅನಿಸಿತು. ಒಮ್ಮೆ ರಸೀದಿ ಆದ ಮೇಲೆ ವಾಪಸ್ ತೆಗೆಯುವುದು ಯಾವ ಕೌಂಟರಿನಲ್ಲೂ ಕಷ್ಟ.

ಕಂಪೆನಿಗೆ ಬರೆದ ಪತ್ರ ಒಂದೂವರೆ ಪುಟದ್ದು. ಮಗನ ಇಮೈಲಿನಿಂದಲೇ ಕಳಿಸಿದ್ದು, ಪಾಲಿಸಿಗೆ ಜೋಡಿಸಿದ್ದು ಅದೇ ಇಮೈಲ್ ಆದ್ದರಿಂದ. ಕಳಿಸಿದ್ದು ಕ್ಲೇಮ್ ನೋಡಿಕೊಳ್ಳುವ ಟಿಪಿಎಗೆ ಅಲ್ಲ, ವಿಮಾ ಕಂಪೆನಿಯ ದೂರು ವಿಭಾಗಕ್ಕೆ, ಟಿಪಿಎಗೆ ಒಂದು ಪ್ರತಿ. ಟಿಪಿಎ ಎಂದರೆ ಕಂಪೆನಿಯ ಪರವಾಗಿ ಕಾಗದ ನೋಡುವ ಸಂಸ್ಥೆ, ಹಣ ಅವರದ್ದಲ್ಲ, ಕೊನೆಯ ಜವಾಬ್ದಾರಿಯೂ ಅವರದ್ದಲ್ಲ. ಪತ್ರದಲ್ಲಿ ಉಮ್ಮನ ಕಷ್ಟ, ಬಳೆಯ ವಿಷಯ ಯಾವುದೂ ಬರೆಯಲಿಲ್ಲ. ಪಾಲಿಸಿ ನಂಬರು, ಕ್ಲೇಮ್ ನಂಬರು, ಕಡಿತದ ಕೋಷ್ಟಕ, ಪಾಲಿಸಿಯ ಯಾವ ಪುಟದ ಯಾವ ಷರತ್ತಿನ ಪ್ರಕಾರ ಇಂಪ್ಲಾಂಟಿಗೆ ಕಡಿತ ಹಾಕಿದ್ದೀರಿ ಎಂಬ ಪ್ರಶ್ನೆ, ನಮ್ಮ ಲೆಕ್ಕ, ಬರಬೇಕಾದ 28,160. ಜೊತೆಗೆ ವಿವರವಾದ ಬಿಲ್, ಮಂಜೂರಾತಿ ಪತ್ರ, ಡಿಸ್ಚಾರ್ಜ್ ಸಮ್ಮರಿ, ಹಣ ಕಟ್ಟಿದ ರಸೀದಿ. ರೂಮಿನ ಕಡಿತ, ಕೋ-ಪೇಮೆಂಟ್ ಎರಡನ್ನೂ ಒಪ್ಪಿದ್ದೇವೆ ಎಂದು ಮೊದಲ ಸಾಲಿನಲ್ಲೇ ಬರೆದೆವು. ಅಳಿಯನಿಗೆ ಅದು ಇಷ್ಟವಾಗಲಿಲ್ಲ. "ನಾವೇ ಒಪ್ಪಿದ ಹಾಗೆ ಆಗೂದಿಲ್ವಾ?" ಎಂದು ಕೇಳಿದರು. ಪಾಲಿಸಿಯಲ್ಲಿ ಬರೆದದ್ದನ್ನು ಒಪ್ಪದೆ ಗತಿಯಿಲ್ಲ, ಅದನ್ನೂ ಸೇರಿಸಿ ಜಗಳ ಮಾಡಿದರೆ ಅವರು ಅದಕ್ಕೆ ಮಾತ್ರ ಉತ್ತರ ಬರೆದು ಫೈಲ್ ಮುಚ್ಚುತ್ತಾರೆ ಎಂದು ಸಮಾಧಾನ ಮಾಡಿದೆವು.

ಕಾರಣ ಕೇಳುವ ಹಕ್ಕು ನಮಗೆ ಉಂಟು. 2024ರ ಮೇ ತಿಂಗಳಲ್ಲಿ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆಯ ಪ್ರಕಾರ, ಕ್ಲೇಮನ್ನು ಪೂರ್ತಿ ತಿರಸ್ಕರಿಸಿದರೂ ಸರಿ, ಒಂದು ಭಾಗ ಮಾತ್ರ ಕಡಿತ ಮಾಡಿದರೂ ಸರಿ, ಪಾಲಿಸಿಯ ನಿರ್ದಿಷ್ಟ ಷರತ್ತು ತೋರಿಸಿ ವಿವರ ಕೊಡಬೇಕು. 'ಪಾಲಿಸಿ ರೂಲ್ಸ್ ಪ್ರಕಾರ' ಎಂದಷ್ಟೇ ಹೇಳಿದರೆ ಅದು ಉತ್ತರವಲ್ಲ. ಅದೇ ಸುತ್ತೋಲೆಯಲ್ಲಿ ಇನ್ನೊಂದು ಉಪಯೋಗದ ಮಾತು ಇದೆ: ಆಸ್ಪತ್ರೆ ಡಿಸ್ಚಾರ್ಜ್ ಕಾಗದ ಕಳಿಸಿದ ಮೂರು ಗಂಟೆಯ ಒಳಗೆ ಕಂಪೆನಿ ಕೊನೆಯ ಮಂಜೂರಾತಿ ಕೊಡಬೇಕು. ಅದಕ್ಕಿಂತ ತಡವಾಗಿ, ಆ ಕಾರಣಕ್ಕೆ ಆಸ್ಪತ್ರೆ ಹೆಚ್ಚಿನ ಚಾರ್ಜು ಹಾಕಿದರೆ ಅದನ್ನು ಕಂಪೆನಿಯೇ ಭರಿಸಬೇಕು. ಸಂಜೆಯಾಯಿತು ಎಂದು ಇನ್ನೊಂದು ದಿನದ ರೂಮು ಬಾಡಿಗೆ ಬಿಲ್ಲಿಗೆ ಸೇರಿಸಿದರೆ ಇದನ್ನು ನೆನಪಿಡಿ. ಆಸ್ಪತ್ರೆ ಎಷ್ಟು ಹೊತ್ತಿಗೆ ಕಾಗದ ಕಳಿಸಿತು ಎಂಬುದನ್ನು ಡೆಸ್ಕಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ, ತಡ ಎಷ್ಟೋ ಸಲ ಆಸ್ಪತ್ರೆಯ ಬಿಲ್ಲಿಂಗಿನಲ್ಲೇ ಆಗಿರುತ್ತದೆ.

ಹನ್ನೆರಡನೇ ದಿನ ಉತ್ತರ ಬಂತು. ತಪ್ಪಾಯಿತು ಎಂದು ಎಲ್ಲಿಯೂ ಬರೆದಿರಲಿಲ್ಲ. 'ಪುನರ್ ಪರಿಶೀಲನೆಯ ನಂತರ' 28,160 ರೂಪಾಯಿ ಮಂಜೂರಾಗಿದೆ, ಬ್ಯಾಂಕ್ ವಿವರ ಮತ್ತು ರದ್ದು ಮಾಡಿದ ಚೆಕ್ ಕಳಿಸಿ ಎಂದಿತ್ತು. ಹಣ ಉಮ್ಮನ ಖಾತೆಗೆ ಬಂತು.

ಬರದೇ ಇದ್ದರೆ? ಎರಡು ದಾರಿ ಇತ್ತು. ಒಂದು, ಐಆರ್‌ಡಿಎಐಯ 'ಬಿಮಾ ಭರೋಸಾ' ವೆಬ್‌ಸೈಟಿನಲ್ಲಿ ದೂರು ಹಾಕುವುದು, ಅಥವಾ 155255ಕ್ಕೆ ಫೋನ್ ಮಾಡುವುದು. ಇನ್ನೊಂದು, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿ, ಕರ್ನಾಟಕದವರಿಗೆ ಅದೇ. ಕಂಪೆನಿಗೆ ಬರೆದು ಒಂದು ತಿಂಗಳು ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ಒಂದು ವರ್ಷದ ಒಳಗೆ ಅಲ್ಲಿಗೆ ಹೋಗಬಹುದು. ಫೀಸು ಇಲ್ಲ, ವಕೀಲರು ಬೇಡ. ಕಂಪೆನಿಗೆ ಮೊದಲು ಬರೆಯದೆ ನೇರವಾಗಿ ಹೋದರೆ ಮಾತ್ರ ದೂರು ತೆಗೆದುಕೊಳ್ಳುವುದಿಲ್ಲ. ಡಿಸ್ಚಾರ್ಜ್ ದಿನ ಹಣ ಕಟ್ಟಿ, ಸಹಿ ಹಾಕಿ ಮನೆಗೆ ಬಂದಾಯಿತು, ಇನ್ನು ಕೇಳುವಂತಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಹಾಗೇನಿಲ್ಲ. ಈ ಮನೆಯವರೂ ಕಟ್ಟಿ, ಸಹಿ ಹಾಕಿ ಬಂದವರೇ.

ಕೊನೆಗೆ ಈ ಮನೆಯ ಕೈಯಿಂದ ಎಷ್ಟು ಹೋಯಿತು? 28,160 ವಾಪಸ್ ಬಂದ ಮೇಲೂ 97,200. ಆಸ್ಪತ್ರೆ ಬಿಟ್ಟ 2,600 ಕಳೆದರೆ 94,600. ಅದರಲ್ಲಿ ಅತಿ ದೊಡ್ಡ ಪಾಲು, 52,000, ರೂಮಿನದ್ದು. ಸೇರಿಸುವ ದಿನ ಡೆಸ್ಕಿನಲ್ಲಿ ಕೇಳಬೇಕಾಗಿದ್ದ ಪ್ರಶ್ನೆ "ರೂಮಿಗೆ ಎಷ್ಟು?" ಎಂಬುದಲ್ಲ, "ಈ ರೂಮು ತೆಗೆದುಕೊಂಡರೆ ಆಪರೇಶನ್ ಚಾರ್ಜು ಎಷ್ಟಾಗುತ್ತದೆ, 3,000ದ ಒಳಗಿನ ರೂಮಿನಲ್ಲಿ ಎಷ್ಟಾಗುತ್ತದೆ?" ಎಂಬುದು. ಆ ದಿನ ಸಿಂಗಲ್ ರೂಮು ಬಿಟ್ಟು ಬೇರೆ ಖಾಲಿ ಇಲ್ಲ ಎಂದರೆ ಅದನ್ನು ಆಸ್ಪತ್ರೆಯಿಂದ ಬರಹದಲ್ಲಿ ತೆಗೆದುಕೊಳ್ಳಿ, ಖಾಲಿಯಾದ ಕೂಡಲೇ ಬದಲಾಯಿಸಲು ಹೇಳಿ. ಮೊದಲ ಮಂಜೂರಾತಿಯ ಪತ್ರವನ್ನೂ ಓದಿ. ಉಮ್ಮನಿಗೆ ಮೊದಲ ದಿನ 90,000 ಮಂಜೂರಾಗಿತ್ತು, ಅದರ ಕೆಳಗೆ ರೂಮು ಮಿತಿ 3,000, ಕೋ-ಪೇ ಶೇ. 20 ಎಂದು ಸಣ್ಣ ಅಕ್ಷರದಲ್ಲಿ ಇತ್ತು. 'ಅಪ್ರೂವ್ಡ್' ಎಂಬ ಶಬ್ದ ನೋಡಿ ಎಲ್ಲರೂ ಅಲ್ಲಿಗೇ ನಿಲ್ಲಿಸಿದ್ದರು.

ಪಾಲಿಸಿ ನವೀಕರಣ ಎರಡು ತಿಂಗಳಲ್ಲಿ ಬರುತ್ತದೆ. ಮಗ ದಮ್ಮಾಮಿನಿಂದ ಈಗ ಏಜೆಂಟ್ ಹತ್ತಿರ ಮೂರು ಪ್ರಶ್ನೆ ಕೇಳಿದ್ದಾನೆ: ರೂಮು ಮಿತಿ ತೆಗೆಯಲು ಎಷ್ಟು ಹೆಚ್ಚು ಪ್ರೀಮಿಯಂ, ಕೋ-ಪೇಮೆಂಟ್ ಕಡಿಮೆ ಮಾಡಲು ಎಷ್ಟು, ಒಂದನೇ ಪಟ್ಟಿಯ ಸಾಮಾನಿಗೂ ಹಣ ಕೊಡುವ ಹೆಚ್ಚುವರಿ ಕವರ್ ಉಂಟಾ, ಇದ್ದರೆ ಅದರಲ್ಲಿ ಯಾವ ಯಾವುದು ಸೇರುತ್ತದೆ. ಉತ್ತರ ಇಮೈಲಿನಲ್ಲಿ ಬೇಕು, ಫೋನಿನಲ್ಲಿ ಬೇಡ ಎಂದಿದ್ದಾನೆ. ಉಮ್ಮ 1,800ರ ವಾಕರ್ ಹಿಡಿದು ಒಳಗಿನಿಂದ ಜಗಲಿಯವರೆಗೆ ಬರುತ್ತಾರೆ. ಒಂದು ಬಳೆ ಬಿಡಿಸಿ ಆಯಿತು, ಉಳಿದದ್ದು ಸೊಸೈಟಿಯಲ್ಲಿದೆ.